ಗಾಜಿನ ಪಕ್ಕದ ಮುಖದಿಂದ ಕಿರಣ ಯಾಕೆ ಹೊರಗೆ ಬರುವುದಿಲ್ಲ?

ಪ್ರಶ್ನೆ: ಸರ್, ಆಯತಾಕಾರದ ಗಾಜಿನ ತುಂಡಿನ ಮೇಲಿನ ಮುಖದ ಮೇಲೆ ಒಂದು ಕಿರಣ 50° ಕೋನದಲ್ಲಿ ಬೀಳುತ್ತದೆ. ಗಾಜಿಗೆ n = 1.5. ಒಳಗೆ ಹೋದ ಕಿರಣ ಬಲಗಡೆಯ ಮುಖಕ್ಕೆ ತಾಗುತ್ತದೆ. ಅದು ಎಲ್ಲಿಂದ, ಎಷ್ಟು ಕೋನದಲ್ಲಿ ಹೊರಬರುತ್ತದೆ ಎಂದು ಚಿತ್ರ ಬರೆದು ತೋರಿಸಬೇಕು. ನನಗೆ ಬಲಗಡೆಯಿಂದ 50° ಯಲ್ಲೇ ಹೊರಬಂತು. ನನ್ನ ಗೆಳತಿಗೆ ಕ್ಯಾಲ್ಕುಲೇಟರ್‌ನಲ್ಲಿ `Math ERROR` ಬಂತು. ಯಾರದು ಸರಿ? ಕ್ಯಾಲ್ಕುಲೇಟರ್ ಇಲ್ಲದೆ ಚಿತ್ರದಲ್ಲೇ ಇದನ್ನು ಕಂಡುಹಿಡಿಯಬಹುದಾ?
— ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ತಂಗಿ, ನಿನ್ನ ಗೆಳತಿಯ ಲೆಕ್ಕವೇ ಸರಿ. ಕ್ಯಾಲ್ಕುಲೇಟರ್ ಕೆಟ್ಟಿಲ್ಲ. ಅವಳು ಒತ್ತಿದ್ದರಲ್ಲೂ ತಪ್ಪಿಲ್ಲ. ಎರರ್ ಬಂದ ಕೂಡಲೇ ಲೆಕ್ಕ ಕೈಬಿಟ್ಟಿದ್ದರೆ ಅದೊಂದೇ ತಪ್ಪು. ಯಾಕೆಂದರೆ ಆ ಎರರ್ ಅಂದರೆ "ಈ ಮುಖದಿಂದ ಹೊರಗೆ ಹೋಗುವ ಕಿರಣ ಇಲ್ಲ" ಎಂಬ ಉತ್ತರ. ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ, ಕಿರಣ ತಿರುಗಿ ಬೇರೆ ಮುಖಕ್ಕೆ ಹೋಗುತ್ತದೆ. ಅದನ್ನು ಹಿಂಬಾಲಿಸಬೇಕು.

ನಿನ್ನ 50° ಎಲ್ಲಿಂದ ಬಂತು ಎಂದು ಮೊದಲು ನೋಡೋಣ. ಮೇಲಿನ ಮುಖದಲ್ಲಿ ನೀನು ಮಾಡಿದ್ದು ಸರಿಯಾಗಿಯೇ ಇರಬೇಕು.

1 × sin 50° = 1.5 × sin r

sin 50° ಅಂದರೆ 0.766. ಅದನ್ನು 1.5 ರಿಂದ ಭಾಗಿಸಿದರೆ 0.511. ಹಾಗಾಗಿ r = 30.7°. ಕಿರಣ ಗಾಜಿನೊಳಗೆ ಲಂಬದ ಕಡೆಗೆ ಬಾಗಿತು. ಇಲ್ಲಿಯವರೆಗೆ ಯಾರಿಗೂ ತೊಂದರೆ ಆಗುವುದಿಲ್ಲ.

ಆಮೇಲೆ ನೀನು ಬಲಗಡೆಯ ಮುಖದಲ್ಲಿ ಅದೇ 30.7° ಹಾಕಿದ್ದೀಯ. 1.5 × sin 30.7° ಮಾಡಿದರೆ ಮತ್ತೆ 0.766 ಬರುತ್ತದೆ, ಕೋನ ಮತ್ತೆ 50° ಆಗುತ್ತದೆ. ಉತ್ತರ ಎಷ್ಟು ಚೆಂದವಾಗಿ ಕೂಡಿ ಬಂತೆಂದರೆ ಅನುಮಾನವೇ ಬರುವುದಿಲ್ಲ! ಆದರೆ ಈ ಲೆಕ್ಕ ಹೊಂದುವುದು ಕೆಳಗಿನ ಮುಖಕ್ಕೆ, ಪಕ್ಕದ ಮುಖಕ್ಕಲ್ಲ. ಮೇಲಿನ ಮುಖ ಮತ್ತು ಕೆಳಗಿನ ಮುಖ ಸಮಾಂತರ. ಎರಡಕ್ಕೂ ಲಂಬ ಒಂದೇ ದಿಕ್ಕಿನಲ್ಲಿ ಇರುತ್ತದೆ, ಅದಕ್ಕೇ ಕೋನವೂ ಒಂದೇ. ಪಕ್ಕದ ಮುಖ ಹಾಗಲ್ಲ. ಅದು ನೆಟ್ಟಗೆ ನಿಂತಿದೆ, ಅದರ ಲಂಬ ಅಡ್ಡಡ್ಡಲಾಗಿದೆ. ಮೇಲಿನ ಲಂಬಕ್ಕೂ ಇದಕ್ಕೂ 90° ವ್ಯತ್ಯಾಸ.

ಹಾಗಾದರೆ ಪಕ್ಕದ ಮುಖದ ಮೇಲೆ ಕಿರಣ ಬೀಳುವ ಕೋನ ಎಷ್ಟು? ಕಿರಣ ಒಳಗೆ ಹೋದ ಜಾಗ P, ಬಲಗಡೆಗೆ ತಾಗಿದ ಜಾಗ Q ಅನ್ನು. P ಯಲ್ಲಿ ಎಳೆದ ಲಂಬ ಕೆಳಕ್ಕೆ ಹೋಗುತ್ತದೆ, Q ನಲ್ಲಿ ಎಳೆದ ಲಂಬ ಎಡಕ್ಕೆ ಬರುತ್ತದೆ. ಎರಡೂ ಗಾಜಿನೊಳಗೆ ಒಂದು ಕಡೆ ಸಂಧಿಸುತ್ತವೆ. ಅಲ್ಲೊಂದು ಲಂಬಕೋನ ತ್ರಿಭುಜ ಆಯಿತು. ಅದರ ಒಂದು ಕೋನ 30.7°, ಇನ್ನೊಂದು 90°. ಉಳಿದದ್ದು 59.3°. Q ನಲ್ಲಿ ಕಿರಣ ಬೀಳುವ ಕೋನ ಇದೇ.

ಈಗ ಇದನ್ನು ಹಾಕು. 1.5 × sin 59.3° = 1.29. ಯಾವ ಕೋನದ ಸೈನ್ ಕೂಡ ಒಂದಕ್ಕಿಂತ ದೊಡ್ಡದಿರುವುದಿಲ್ಲ. ನಿನ್ನ ಗೆಳತಿ ಕೇಳಿದ್ದು ಸೈನ್ 1.29 ಇರುವ ಕೋನ ಯಾವುದು ಎಂದು. ಪಾಪ, ಯಂತ್ರ ಏನು ಹೇಳೀತು? ಗಾಜು ಮತ್ತು ಗಾಳಿಯ ನಡುವಿನ ಕ್ರಾಂತಿಕ ಕೋನ, ಕ್ಲಾಸಿನಲ್ಲಿ ಕ್ರಿಟಿಕಲ್ ಆ್ಯಂಗಲ್ ಅನ್ನುತ್ತಾರಲ್ಲ ಅದು, sin c = 1/1.5 ರಿಂದ 41.8° ಬರುತ್ತದೆ. ನಮ್ಮ 59.3° ಅದಕ್ಕಿಂತ ಬಹಳ ದೊಡ್ಡದು. ಅಂದರೆ Q ನಲ್ಲಿ ಪೂರ್ಣ ಆಂತರಿಕ ಪ್ರತಿಫಲನ. ಕಿರಣ 59.3° ಯಲ್ಲೇ ವಾಪಸ್ ಒಳಕ್ಕೆ ತಿರುಗುತ್ತದೆ.

ಆಮೇಲೆ ಅದು ಹೋಗಿ ತಾಗುವುದು ಕೆಳಗಿನ ಮುಖಕ್ಕೆ, R ಎಂಬಲ್ಲಿ. ಅಲ್ಲಿ ಬೀಳುವ ಕೋನ ಮತ್ತೆ 90 − 59.3, ಅಂದರೆ 30.7°. ಇದು 41.8° ಗಿಂತ ಚಿಕ್ಕದು, ಹಾಗಾಗಿ ಹೊರಬರಲು ಅಡ್ಡಿಯಿಲ್ಲ. ಹೊರಬರುವ ಕೋನ 50°. ನಿನ್ನ 50° ಕೊನೆಗೂ ಬಂತು, ಆದರೆ ಬೇರೆ ಮುಖದಲ್ಲಿ. ದಿಕ್ಕು ಕೂಡ ಉಲ್ಟಾ ಆಗಿದೆ. ಒಳಗೆ ಹೋಗುವಾಗ ಕಿರಣ ಬಲಕ್ಕೆ ಓರೆಯಾಗಿ ಕೆಳಗಿಳಿಯುತ್ತಿತ್ತು. ಹೊರಬರುವಾಗ ಎಡಕ್ಕೆ ಓರೆಯಾಗಿ ಇಳಿಯುತ್ತದೆ. ಒಟ್ಟು 100° ತಿರುಗಿತು.

ಇನ್ನು ಚಿತ್ರ. ಕ್ಯಾಲ್ಕುಲೇಟರ್ ಇಲ್ಲದೆ ಆಗುತ್ತದಾ ಎಂದು ಕೇಳಿದ್ದೀಯ. ಆಗುತ್ತದೆ, ಬರೀ ಕೈವಾರ, ಸ್ಕೇಲು, ಸೆಟ್‌ಸ್ಕ್ವೇರ್ ಸಾಕು. ಕೋನಮಾಪಕ ಬೇಕಾಗುವುದು ಮೊದಲನೆಯ 50° ಗುರುತಿಸಲು ಮಾತ್ರ. ನನ್ನನ್ನು ಕೇಳಿದರೆ ಈ ಲೆಕ್ಕವನ್ನು ಮೊದಲು ಹೀಗೆ ಚಿತ್ರದಲ್ಲೇ ಮಾಡಬೇಕು, ಸೈನ್ ಬೆಲೆಗಳನ್ನು ಆಮೇಲೆ ನೋಡಬೇಕು. ಆಗ ಎರರ್ ಯಾಕೆ ಬರುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ದೊಡ್ಡ ಹಾಳೆ ತೆಗೆದುಕೊ. 9 ಸೆಂ.ಮೀ. ಅಗಲ, 6 ಸೆಂ.ಮೀ. ಎತ್ತರದ ಆಯತ ಬರೆ. ಮೇಲಿನ ಎಡ ಮೂಲೆ A, ಮೇಲಿನ ಬಲ ಮೂಲೆ B, ಅದರ ಕೆಳಗೆ C, ಎಡಗಡೆ ಕೆಳಗೆ D. ಮೇಲಿನ ಮುಖದಲ್ಲಿ B ಯಿಂದ 2 ಸೆಂ.ಮೀ. ಎಡಕ್ಕೆ P ಗುರುತು ಹಾಕು. P ಮೂಲಕ ಮೇಲೆ ಕೆಳಗೆ ಹೋಗುವ ಲಂಬವನ್ನು ಚುಕ್ಕೆ ಗೆರೆಯಲ್ಲಿ ಎಳೆ. ಲಂಬದಿಂದ 50° ಅಳೆದು, ಎಡ ಮೇಲ್ಗಡೆಯಿಂದ P ಗೆ ಬರುವ ಕಿರಣ ಬರೆದು ಬಾಣ ಹಾಕು. ಪ್ರಶ್ನೆಯ ಚಿತ್ರದಲ್ಲಿ 50° ಯ ಕಮಾನು ಗೆರೆ ಲಂಬದ ಹತ್ತಿರ ಇದೆಯಾ, ಗಾಜಿನ ಮುಖದ ಹತ್ತಿರ ಇದೆಯಾ ಎಂದು ಒಮ್ಮೆ ನೋಡಿಬಿಡು. ಮುಖದ ಹತ್ತಿರ ಇದ್ದರೆ ಬೀಳುವ ಕೋನ 40° ಆಗುತ್ತದೆ, ಮುಂದಿನ ಎಲ್ಲ ಸಂಖ್ಯೆಗಳೂ ಬದಲಾಗುತ್ತವೆ. ಪ್ರಶ್ನೆ ತೆಗೆಯುವವರು ಇದನ್ನು ಬೇಕೆಂದೇ ಮಾಡುತ್ತಾರೆ.

ಈಗ P ಯನ್ನು ಕೇಂದ್ರ ಮಾಡಿ ಎರಡು ವೃತ್ತಗಳನ್ನು ತೆಳ್ಳಗೆ ಎಳೆ. ಒಂದರ ತ್ರಿಜ್ಯ 4 ಸೆಂ.ಮೀ., ಇನ್ನೊಂದರದು 6 ಸೆಂ.ಮೀ. ಚಿಕ್ಕದು ಗಾಳಿಯ ವೃತ್ತ, ದೊಡ್ಡದು ಗಾಜಿನ ವೃತ್ತ. 4 ಮತ್ತು 6 ಯಾಕೆಂದರೆ ಅವುಗಳ ಪ್ರಮಾಣ 1 ಮತ್ತು 1.5 ಅಷ್ಟೇ. ವೃತ್ತಗಳು ಆಯತದ ಹೊರಗೆ ಹೋಗುತ್ತವೆ, ಹೋಗಲಿ ಬಿಡು. ಅವು ಲೆಕ್ಕದ ಗೆರೆಗಳು, ಗಾಜಿನ ಭಾಗವಲ್ಲ.

ಬರುತ್ತಿರುವ ಕಿರಣವನ್ನು ಬಾಗಿಸದೆ ನೇರವಾಗಿ P ಯ ಆಚೆಗೆ ಮುಂದುವರಿಸು. ಅದು ಚಿಕ್ಕ ವೃತ್ತವನ್ನು ಮುಟ್ಟುವ ಜಾಗ X. ಇದು ಗಾಜು ಇಲ್ಲದಿದ್ದರೆ ಕಿರಣ ಹೋಗುತ್ತಿದ್ದ ದಾರಿ. X ನಿಂದ ಲಂಬಕ್ಕೆ ಸಮಾಂತರವಾಗಿ ಕೆಳಕ್ಕೆ ಒಂದು ಗೆರೆ ಎಳೆ. ಅದು ದೊಡ್ಡ ವೃತ್ತವನ್ನು ಮುಟ್ಟುವ ಜಾಗ Y. ಈಗ P ಯಿಂದ Y ಕಡೆಗೆ ಗೆರೆ ಎಳೆದರೆ ಅದೇ ಗಾಜಿನೊಳಗಿನ ಕಿರಣ. ಬೇಕಾದರೆ ಕೋನ ಅಳೆದು ನೋಡು, 31° ಯ ಹತ್ತಿರ ಇರುತ್ತದೆ.

ಇದು ಹೇಗೆ ಸರಿಹೋಯಿತು? X ಲಂಬದಿಂದ ಎಷ್ಟು ದೂರ ಇದೆ? 4 × sin i, ಅಂದರೆ 3.06 ಸೆಂ.ಮೀ. Y ಎಷ್ಟು ದೂರ ಇದೆ? 6 × sin r. ನಾವು X ನಿಂದ Y ಗೆ ಲಂಬಕ್ಕೆ ಸಮಾಂತರವಾಗಿಯೇ ಇಳಿದಿದ್ದರಿಂದ ಎರಡೂ ದೂರ ಒಂದೇ. 4 sin i = 6 sin r. ಎರಡೂ ಕಡೆ 4 ರಿಂದ ಭಾಗಿಸು, ಸ್ನೆಲ್ ನಿಯಮ ಸಿಕ್ಕಿತು. ಗುಣಾಕಾರ ಭಾಗಾಕಾರವನ್ನು ಕೈವಾರವೇ ಮಾಡಿತು. ಅಂದಹಾಗೆ, ನಿಯಮಕ್ಕೆ ಹೆಸರು ಕೊಟ್ಟ ಸ್ನೆಲ್ ಅದನ್ನು ಕಂಡುಕೊಂಡದ್ದು 1621 ರಲ್ಲಿ, ಆದರೆ ಅವನು ಪ್ರಕಟಿಸಲಿಲ್ಲ. ಅಚ್ಚಿನಲ್ಲಿ ಸೈನ್ ರೂಪದಲ್ಲಿ ಕೊಟ್ಟವನು ಡೆಕಾರ್ಟ್, 1637 ರಲ್ಲಿ. ಇವರಿಬ್ಬರಿಗಿಂತ ಆರು ನೂರು ವರ್ಷ ಮೊದಲು, 984 ರ ಸುಮಾರಿಗೆ, ಬಾಗ್ದಾದಿನ ಇಬ್ನ್ ಸಹ್ಲ್ ಎಂಬ ಗಣಿತಜ್ಞ ಇಂಥದ್ದೇ ತ್ರಿಭುಜಗಳಲ್ಲಿ ಇದೇ ನಿಯಮವನ್ನು ಬಳಸಿದ್ದ. ಅವನ ಕೆಲಸದಲ್ಲಿ ಸೈನ್ ಎಂಬ ಮಾತಿಲ್ಲ, ಗೆರೆಗಳ ಉದ್ದದ ಪ್ರಮಾಣ ಮಾತ್ರ ಇದೆ.

ಮುಂದೆ ಹೋಗುವ ಮೊದಲು ಒಂದು ಸಣ್ಣ ಪರೀಕ್ಷೆ. ಕಿರಣ ನಿಜವಾಗಿಯೂ ಬಲಗಡೆಯ ಮುಖಕ್ಕೇ ತಾಗುತ್ತದಾ? P ಮೂಲೆಯಿಂದ 2 ಸೆಂ.ಮೀ. ದೂರ ಇದೆ. ಒಳಗಿನ ಕಿರಣ 2 ಸೆಂ.ಮೀ. ಬಲಕ್ಕೆ ಹೋಗುವಷ್ಟರಲ್ಲಿ 2 ÷ tan 30.7°, ಅಂದರೆ ಸುಮಾರು 3.4 ಸೆಂ.ಮೀ. ಇಳಿದಿರುತ್ತದೆ. ಎತ್ತರ 6 ಇದೆ, ಹಾಗಾಗಿ BC ಗೆ ತಾಗುತ್ತದೆ. ಅದೇ P ಯನ್ನು ನೀನು ಮುಖದ ನಡುವೆ ಇಟ್ಟಿದ್ದರೆ ಕಿರಣ ಪಕ್ಕಕ್ಕೆ ಹೋಗುತ್ತಲೇ ಇರಲಿಲ್ಲ. ಈ ಆಯತದಲ್ಲಿ P ಮೂಲೆಯಿಂದ ಸುಮಾರು 3.6 ಸೆಂ.ಮೀ. ಗಿಂತ ದೂರ ಇದ್ದರೆ ಕಿರಣ ನೇರವಾಗಿ ಕೆಳಗಿನ ಮುಖಕ್ಕೆ ತಾಗಿ, ಬಂದ ದಿಕ್ಕಿಗೆ ಸಮಾಂತರವಾಗಿ ಹೊರಬರುತ್ತದೆ. ಅದು ಲ್ಯಾಬಿನಲ್ಲಿ ಗುಂಡುಸೂಜಿ ಚುಚ್ಚಿ ಮಾಡುವ ಪ್ರಯೋಗ. ಎಷ್ಟೋ ಮಕ್ಕಳು ಆ ಚಿತ್ರವನ್ನು ಬಾಯಿಪಾಠ ಮಾಡಿರುತ್ತಾರೆ. ಪಕ್ಕದ ಮುಖದ ಪ್ರಶ್ನೆಗೂ ಅದನ್ನೇ ಬರೆದುಬಿಡುತ್ತಾರೆ.

ಈಗ Q ಗೆ ಬರೋಣ. Q ನಲ್ಲಿ ಲಂಬವನ್ನು ಅಡ್ಡಡ್ಡಲಾಗಿ ಎಳೆ. Q ಕೇಂದ್ರ ಮಾಡಿ ಮತ್ತೆ 4 ಮತ್ತು 6 ಸೆಂ.ಮೀ. ವೃತ್ತಗಳನ್ನು ಎಳೆ. ಈ ಸಲ ಕಿರಣ ಬರುತ್ತಿರುವುದು ಗಾಜಿನಿಂದ. ಹಾಗಾಗಿ PQ ಗೆರೆಯನ್ನು ನೇರವಾಗಿ ಹೊರಕ್ಕೆ ಮುಂದುವರಿಸಿದಾಗ ನಿಲ್ಲಬೇಕಾದದ್ದು ಗಾಜಿನ ವೃತ್ತದ ಮೇಲೆ, ದೊಡ್ಡದರ ಮೇಲೆ. ಆ ಜಾಗ Z. ಅಲ್ಲಿಂದ Q ನ ಲಂಬಕ್ಕೆ ಸಮಾಂತರವಾಗಿ, ಅಂದರೆ ಅಡ್ಡಡ್ಡಲಾಗಿ ಗೆರೆ ಎಳೆದು, ಗಾಳಿಯ ವೃತ್ತವನ್ನು ಎಲ್ಲಿ ಮುಟ್ಟುತ್ತದೆ ನೋಡಬೇಕು.

ಮುಟ್ಟುವುದಿಲ್ಲ! Z ಲಂಬದಿಂದ 6 × sin 59.3°, ಅಂದರೆ 5.16 ಸೆಂ.ಮೀ. ಕೆಳಗಿದೆ. ಗಾಳಿಯ ವೃತ್ತ ಕೆಳಕ್ಕೆ ಬರುವುದೇ 4 ಸೆಂ.ಮೀ. ತನಕ. ಗೆರೆ ಅದರ ಕೆಳಗಿನಿಂದ, ಒಂದು ಸೆಂಟಿಮೀಟರಿಗಿಂತ ಜಾಸ್ತಿ ದೂರದಲ್ಲಿ, ಹಾದುಹೋಗುತ್ತದೆ. ಕ್ಯಾಲ್ಕುಲೇಟರ್‌ನ ಎರರ್ ಅಂದರೆ ಇದೇ. ಹೊರಗಿನ ಕಿರಣವನ್ನು ಎಳೆಯಲು ಬೇಕಾದ ಬಿಂದುವೇ ಇಲ್ಲ. ಗೆರೆ ಚಿಕ್ಕ ವೃತ್ತವನ್ನು ಸವರಿಕೊಂಡು ಹೋಗುವ ಹಾಗೆ ಇದ್ದಿದ್ದರೆ ಅದು ಕ್ರಾಂತಿಕ ಕೋನ. ಅಲ್ಲಿ 6 sin c = 4, ಅದರಿಂದ 41.8°.

ಇದೇ ಗೆರೆಯಿಂದ ಇನ್ನೂ ಒಂದು ಉಪಯೋಗ ಇದೆ. ಅದನ್ನು ಎಡಕ್ಕೆ, ಗಾಜಿನ ಕಡೆಗೆ ಮುಂದುವರಿಸು. ಅದು ದೊಡ್ಡ ವೃತ್ತವನ್ನು ಇನ್ನೊಂದು ಕಡೆ ಮುಟ್ಟುತ್ತದೆ. Q ನಿಂದ ಆ ಬಿಂದುವಿನ ಕಡೆಗೆ ಗೆರೆ ಎಳೆದರೆ ಅದೇ ಪ್ರತಿಫಲಿತ ಕಿರಣ. ಕೋನ ಅಳೆಯುವ ಕೆಲಸವೇ ಇಲ್ಲ. ಅದು ಕೆಳಗಿನ ಮುಖಕ್ಕೆ C ಯಿಂದ ಸುಮಾರು 1.6 ಸೆಂ.ಮೀ. ಎಡಕ್ಕೆ ತಾಗಬೇಕು. ನಿನ್ನ ಚಿತ್ರದಲ್ಲಿ R ಅದರ ಅಕ್ಕಪಕ್ಕ ಎರಡು ಮಿಲಿಮೀಟರ್ ಒಳಗೆ ಬಂದರೆ ಚಿತ್ರ ಚೆನ್ನಾಗಿದೆ ಎಂದೇ ಅರ್ಥ. ಜಾಸ್ತಿ ತಪ್ಪಿದ್ದರೆ Q ನ ಲಂಬ ಸರಿಯಾಗಿ ಅಡ್ಡ ಇದೆಯೋ ಇಲ್ಲವೋ ನೋಡು. ಸಾಮಾನ್ಯವಾಗಿ ತಪ್ಪು ಅಲ್ಲೇ ಇರುತ್ತದೆ. R ನಲ್ಲಿ ಮತ್ತೆ ವೃತ್ತ ಎಳೆದು ಹೊರಗಿನ ಕಿರಣ ಬರೆಯುವುದು ನಿನಗೇ ಬಿಟ್ಟದ್ದು.

ಚಿತ್ರದಲ್ಲಿ ಒಂದು ವಿಷಯ ಎಲ್ಲರೂ ಬಿಡುತ್ತಾರೆ. P ಯಲ್ಲಿ ಬೆಳಕೆಲ್ಲ ಒಳಗೆ ಹೋಗುವುದಿಲ್ಲ. 50° ಯಲ್ಲಿ ಸುಮಾರು 6% ಬೆಳಕು ಗಾಜಿನ ಮೇಲಿನಿಂದಲೇ ಪ್ರತಿಫಲಿಸುತ್ತದೆ. R ನಲ್ಲೂ ಅಷ್ಟೇ ಪಾಲು ಒಳಗೇ ಉಳಿಯುತ್ತದೆ. Q ನಲ್ಲಿ ಮಾತ್ರ ಪೂರ್ತಿಯಾಗಿ ವಾಪಸ್. 'ಪೂರ್ಣ' ಪ್ರತಿಫಲನ ಬರೆಯಬೇಕಾದದ್ದು ಆ ಒಂದು ಜಾಗದಲ್ಲಿ.

ಈಗ ನೀನು ಕೇಳದೇ ಇರುವ, ಆದರೆ ಕೇಳಲೇಬೇಕಾದ ಪ್ರಶ್ನೆ. 50° ಬದಲು ಬೇರೆ ಕೋನ ಇಟ್ಟರೆ ಕಿರಣ ಪಕ್ಕದಿಂದ ಹೊರಬರಬಹುದಾ? 20° ಇಟ್ಟರೆ? 80°?

ಯಾವುದಕ್ಕೂ ಬರುವುದಿಲ್ಲ. ಕಾರಣ ಸುಲಭ. ಮೇಲಿನ ಮುಖದ ಮೇಲೆ ಕಿರಣವನ್ನು ಎಷ್ಟೇ ಓರೆ ಮಾಡಿದರೂ, ಮುಖಕ್ಕೆ ಉಜ್ಜಿಕೊಂಡು ಬರುವಷ್ಟು ಓರೆ ಮಾಡಿದರೂ, ಒಳಗೆ r ನ ಬೆಲೆ 41.8° ದಾಟುವುದಿಲ್ಲ. ಹಾಗಾಗಿ ಪಕ್ಕದ ಮುಖದಲ್ಲಿ ಬೀಳುವ ಕೋನ ಯಾವತ್ತೂ 90 − 41.8, ಅಂದರೆ 48.2° ಗಿಂತ ಕಡಿಮೆ ಆಗುವುದಿಲ್ಲ. ಹೊರಬರಬೇಕಾದರೆ ಅದು 41.8° ಗಿಂತ ಕಡಿಮೆ ಇರಬೇಕು. ಎರಡೂ ಒಟ್ಟಿಗೆ ಸಾಧ್ಯವೇ ಇಲ್ಲ. ಸುತ್ತಲೂ ಗಾಳಿ ಇದ್ದು, ಮೂಲೆ ಸರಿಯಾಗಿ 90° ಇದ್ದು, ಗಾಜು 1.5 ಆಗಿದ್ದರೆ, ಒಂದು ಮುಖದಿಂದ ಒಳಗೆ ಬಂದ ಕಿರಣಕ್ಕೆ ಅದರ ಪಕ್ಕದ ಮುಖದ ಬಾಗಿಲು ಮುಚ್ಚಿದ ಹಾಗೆಯೇ.

ಅದು ತೆರೆಯಬೇಕಾದರೆ ಕ್ರಾಂತಿಕ ಕೋನ 45° ಗಿಂತ ದೊಡ್ಡದಿರಬೇಕು. ಅಂದರೆ n ಬೆಲೆ √2 ಗಿಂತ, 1.414 ಗಿಂತ, ಕಡಿಮೆ ಇರಬೇಕು. ಸೂತ್ರದಲ್ಲಿ ಬೇಕಿದ್ದರೆ ಹೀಗೆ ಬರೆ. Q ನಲ್ಲಿ ಬೀಳುವ ಕೋನದ ಸೈನ್ ಅಂದರೆ cos r. ಹಾಗಾಗಿ ಹೊರಬರುವ ಕೋನ e ಇದ್ದರೆ

sin e = n cos r = √(n² − sin² i)

ಈ ಬೆಲೆ 1 ಅಥವಾ ಅದಕ್ಕಿಂತ ಕಡಿಮೆ ಇರಬೇಕಾದರೆ sin² i ಬೆಲೆ n² − 1 ರಷ್ಟಾದರೂ ಇರಬೇಕು. ಗಾಜಿಗೆ n² − 1 = 1.25. sin² i ಒಂದನ್ನೇ ದಾಟುವುದಿಲ್ಲ, 1.25 ಎಲ್ಲಿಂದ ಬರಬೇಕು?

ಪ್ರಿಸಮ್ ಪಾಠದಲ್ಲಿ ನೀನು A = r₁ + r₂ ಎಂದು ಕಲಿತಿದ್ದೀಯಲ್ಲ, ಅದನ್ನು ಇಲ್ಲಿಗೆ ತಾ. ಗಾಜಿನ ತುಂಡಿನ ಮೂಲೆ ಅಂದರೆ A = 90° ಇರುವ ಪ್ರಿಸಮ್. ಅಷ್ಟೇ. ಅದೇ ಕಿರಣವನ್ನು 60° ಪ್ರಿಸಮ್ ಮೇಲೆ ಬಿಟ್ಟರೆ r₂ = 60 − 30.7 = 29.3° ಆಗುತ್ತದೆ, ಕಿರಣ ಆಚೆಯ ಮುಖದಿಂದ ಸುಮಾರು 47° ಯಲ್ಲಿ ಆರಾಮಾಗಿ ಹೊರಬರುತ್ತದೆ. r₁ ಮತ್ತು r₂ ಎರಡೂ 41.8° ಒಳಗೇ ಇರಬೇಕಾದ್ದರಿಂದ, ಹೊರಬರಲು ಸಾಧ್ಯವಿರುವ ಅತಿ ದೊಡ್ಡ ಮೂಲೆ 83.6°. ನಮ್ಮ 90° ಅದನ್ನು ಸ್ವಲ್ಪದರಲ್ಲೇ ದಾಟಿದೆ. ಹಾಗಾಗಿ ಪ್ರಿಸಮ್ ಲೆಕ್ಕಕ್ಕೂ ಗಾಜಿನ ತುಂಡಿನ ಲೆಕ್ಕಕ್ಕೂ ಬೇರೆ ಬೇರೆ ಸೂತ್ರ ನೆನಪಿಡುವುದು ಸುಮ್ನೆ ಹೊರೆ.

ಇದನ್ನು ಕಣ್ಣಾರೆ ನೋಡಬೇಕಾದರೆ ಲ್ಯಾಬಿನ ದಪ್ಪ ಗಾಜಿನ ತುಂಡನ್ನು ದಿನಪತ್ರಿಕೆಯ ಮೇಲೆ ಇಡು. ಗಾಜು ಚೆನ್ನಾಗಿ ಒಣಗಿರಬೇಕು. ಶಿರಸಿಯ ಮಳೆಗಾಲದಲ್ಲಿ ಪತ್ರಿಕೆ ಒಣಗಿರುವುದೇ ಕಷ್ಟ, ಅದೂ ಒಣಗಿರಲಿ. ಮೇಲಿನಿಂದ ನೋಡಿದರೆ ಅಕ್ಷರ ಕಾಣುತ್ತದೆ. ಪಕ್ಕದ ಮುಖದಿಂದ, ಸ್ವಲ್ಪ ಮೇಲಿನಿಂದ ಕೆಳಕ್ಕೆ ನೋಡು. ಗಾಜಿನ ಅಡಿ ಕನ್ನಡಿಯ ಹಾಗೆ ಬೆಳ್ಳಗೆ ಹೊಳೆಯುತ್ತದೆ, ಅದರ ಕೆಳಗಿನ ಅಕ್ಷರ ಕಾಣುವುದಿಲ್ಲ. ಅಕ್ಷರದಿಂದ ಹೊರಟ ಬೆಳಕು ಕಾಗದ ಮತ್ತು ಗಾಜಿನ ನಡುವಿನ ತೆಳುವಾದ ಗಾಳಿಯನ್ನು ದಾಟಿ ಅಡಿಯ ಮುಖದಿಂದ ಒಳಗೆ ಬಂದಿರುತ್ತದೆ. ಹಾಗೆ ಬಂದದ್ದಕ್ಕೆ ಪಕ್ಕದ ಮುಖದಿಂದ ಹೊರಬರಲು ಆಗುವುದಿಲ್ಲ.

ಈಗ ಕಾಗದದ ಮೇಲೆ ನಾಲ್ಕು ಹನಿ ನೀರು ಹಾಕಿ ಗಾಜನ್ನು ಒತ್ತಿ ಕೂರಿಸು. ಪಕ್ಕದಿಂದ ಈಗ ಅಕ್ಷರ ಕಾಣುತ್ತದೆ! ಗಾಳಿ ಹೋಗಿ ನೀರು ಬಂತು. ನೀರಿಗೆ n = 1.33. ನೀರಿನಿಂದ ಗಾಜಿಗೆ ಬರುವ ಕಿರಣದ r ಈಗ 41.8° ಯಲ್ಲಿ ನಿಲ್ಲುವುದಿಲ್ಲ, sin r = 1.33/1.5 ಪ್ರಕಾರ 62.5° ತನಕ ಹೋಗಬಹುದು. ಆಗ ಪಕ್ಕದ ಮುಖದಲ್ಲಿ ಬೀಳುವ ಕೋನ 27.5° ತನಕ ಇಳಿಯುತ್ತದೆ. ಅದು 41.8° ಗಿಂತ ಕಡಿಮೆ, ಹಾಗಾಗಿ ಹೊರಬರುತ್ತದೆ. ಆದರೆ ಅಡ್ಡಡ್ಡ ನೋಡಿದರೆ ಕಾಣುವುದಿಲ್ಲ. ಹೊರಬರುವ ಕೋನ ಸುಮಾರು 44° ಯಿಂದ ಮೇಲೆಯೇ ಇರುವುದರಿಂದ, ಪಕ್ಕದ ಮುಖವನ್ನು ಅಷ್ಟು ಮೇಲಿನಿಂದ ಬಗ್ಗಿ ನೋಡಬೇಕು. ಅಂಚಿಗೆ ಹತ್ತಿರ ಇರುವ ಅಕ್ಷರಗಳು ಮಾತ್ರ ಕಾಣುತ್ತವೆ.

ನೀರನ್ನು ಅಡಿಗೆ ಹಾಕದೆ ಪಕ್ಕದ ಮುಖಕ್ಕೇ ಸವರಿದರೆ? ಇಲ್ಲಿ ಜಾಣರೂ ಎಡವುತ್ತಾರೆ. ಗಾಜಿನಿಂದ ನೀರಿಗೆ ಕ್ರಾಂತಿಕ ಕೋನ 62.5°. ನಮ್ಮ ಕಿರಣ 59.3° ಯಲ್ಲಿ ಬೀಳುತ್ತಿದೆ. ಹಾಗಾಗಿ ಅದು ಗಾಜಿನಿಂದ ನೀರಿಗೆ ದಾಟುತ್ತದೆ, 76° ಯ ಹತ್ತಿರ. ಅಷ್ಟಕ್ಕೇ "ಹೊರಗೆ ಬಂತು" ಎಂದು ಬರೆದರೆ ಅಂಕ ಹೋಯಿತು. ನೀರಿನ ಆಚೆ ಗಾಳಿ ಇದೆ. ನೀರಿನ ಪದರ ಸಮತಟ್ಟಾಗಿದ್ದರೆ ಅದರ ಹೊರಮೈ ಗಾಜಿನ ಮುಖಕ್ಕೆ ಸಮಾಂತರ. ಅಲ್ಲಿ 1.33 × sin 76° ಲೆಕ್ಕ ಹಾಕು, ಮತ್ತೆ ಅದೇ 1.29. ಕಿರಣ ನೀರಿನ ಹೊರಮೈಯಿಂದ ವಾಪಸ್ ಬರುತ್ತದೆ. ಸಮಾಂತರ ಪದರಗಳನ್ನು ಎಷ್ಟು ಹಚ್ಚಿದರೂ n sin ಎಂಬ ಗುಣಲಬ್ಧ ಬದಲಾಗುವುದಿಲ್ಲ, 1.29 ಇದ್ದದ್ದು 1.29 ಆಗಿಯೇ ಉಳಿಯುತ್ತದೆ. ಗುಂಡಗಿನ ಹನಿ ಅಂಟಿಕೊಂಡಿದ್ದರೆ ವಿಷಯ ಬೇರೆ. ಅದರ ಹೊರಮೈ ಬಾಗಿರುವುದರಿಂದ ಲಂಬವೇ ತಿರುಗುತ್ತದೆ, ಬೆಳಕು ಸೋರಬಹುದು. ಲೇಸರ್ ಪಾಯಿಂಟರ್ ಹಿಡಿದು ಈ ಪ್ರಯೋಗ ಮಾಡುವಾಗ ಪಕ್ಕದಿಂದ ಅಷ್ಟಿಷ್ಟು ಬೆಳಕು ಚೆಲ್ಲಿದರೆ ಮೊದಲು ಗಾಜಿನ ಮೇಲಿನ ಹನಿ, ಗೀರು, ಬೆರಳಿನ ಗುರುತು ಒರೆಸಿ ನೋಡು. ನಿಯಮ ತಪ್ಪಿತು ಎಂದುಕೊಳ್ಳಬೇಡ. ಲೇಸರ್ ಹಿಡಿದಾಗ ಕಣ್ಣನ್ನು ಗಾಜಿನ ಮಟ್ಟಕ್ಕೆ ತರಲೇಬೇಡ, ಕಿರಣ ಎಲ್ಲಿಂದ ಹೊರಬರುತ್ತದೆ ಎಂದು ಕಾಗದ ಹಿಡಿದು ನೋಡು.

ಕೊನೆಗೆ, n ಬೆಲೆ 1.414 ಗಿಂತ ಕಡಿಮೆ ಇರುವ ವಸ್ತು ಯಾವುದು? ನೀರೇ ಇದೆಯಲ್ಲ. ನೀರಿಗೆ n² − 1 = 0.769. ಹಾಗಾಗಿ sin i 0.877 ದಾಟಿದರೆ, ಅಂದರೆ i 61.3° ಗಿಂತ ದೊಡ್ಡದಾದರೆ, ನೀರಿನ ಮೇಲ್ಮೈಯಿಂದ ಇಳಿದ ಕಿರಣ ಪಕ್ಕದ ಗೋಡೆಯಿಂದ ಹೊರಬರುತ್ತದೆ. ಮೀನಿನ ತೊಟ್ಟಿಯ ಗಾಜಿನ ಗೋಡೆ ನಡುವೆ ಇದ್ದರೂ ಪರವಾಗಿಲ್ಲ, ಅದು ಸಮಾಂತರ ಪದರ.

ಇದಕ್ಕೆ ಕಾರವಾರದಲ್ಲಿ ಪಡುವಣಕ್ಕೆ ಮುಖ ಮಾಡಿದ ಜಗಲಿ ಒಳ್ಳೆಯ ಜಾಗ. ಸಮುದ್ರದ ಮೇಲೆ ಸೂರ್ಯ ಇಳಿಯುವಾಗ ಅಡ್ಡ ಬರುವ ಗುಡ್ಡ ಇರುವುದಿಲ್ಲ. ಶಿರಸಿಯಲ್ಲಾದರೆ ಅಡಿಕೆ ತೋಟದ ನೆರಳಿಲ್ಲದ ಅಂಗಳ ಹುಡುಕಬೇಕು. ಆಯತಾಕಾರದ ಗಾಜಿನ ತೊಟ್ಟಿಗೆ ಅಂಚಿನ ಹತ್ತಿರದವರೆಗೆ ನೀರು ತುಂಬಿ ಸ್ಟೂಲಿನ ಮೇಲೆ ಇಡು. ಒಂದು ಗೋಡೆ ನೇರವಾಗಿ ಸೂರ್ಯನ ಕಡೆಗಿರಲಿ, ಅದರ ಎದುರಿನ ಗೋಡೆಯ ಆಚೆ, ಸ್ಟೂಲಿನ ಬುಡದ ಹತ್ತಿರ, ಬಿಳಿ ಕಾಗದ ಹಾಸು. ಸೂರ್ಯ ಸುಮಾರು 29° ಗಿಂತ ಮೇಲಿರುವಾಗ ನೀರಿನ ಮೇಲ್ಮೈಯಲ್ಲಿ i 61° ಗಿಂತ ಕಡಿಮೆ. ಮೇಲಿನಿಂದ ಇಳಿದ ಬೆಳಕು ಆ ಗೋಡೆಯಿಂದ ಹೊರಬರುವುದಿಲ್ಲ. ಸೂರ್ಯ 20° ಗೆ ಇಳಿದಾಗ, ಮುಳುಗಲು ಇನ್ನೂ ಒಂದೂವರೆ ಗಂಟೆಯ ಹತ್ತಿರ ಇರುವಾಗ, i = 70°. sin r = 0.940/1.33, ಹಾಗಾಗಿ r = 45°. ಗೋಡೆಯಲ್ಲಿ ಬೀಳುವ ಕೋನವೂ 45°. ನೀರಿನ ಕ್ರಾಂತಿಕ ಕೋನ 48.8°. ದಾರಿ ಇದೆ. ಬೆಳಕು ಗೋಡೆಯ ಲಂಬಕ್ಕೆ 70° ಯಲ್ಲಿ, ಅಂದರೆ ತುಂಬಾ ಕಡಿದಾಗಿ ಕೆಳಕ್ಕೆ, ತೊಟ್ಟಿಯ ಹತ್ತಿರವೇ ನೆಲಕ್ಕೆ ಬೀಳುತ್ತದೆ. ಸೂರ್ಯನ ಕಡೆಯ ಗೋಡೆಯಿಂದ ಒಳಹೊಕ್ಕು ಎದುರಿನಿಂದ ನೇರವಾಗಿ ಹೋದ ಬೆಳಕು ಇನ್ನೂ ದೂರದಲ್ಲಿ ಬೀಳುತ್ತದೆ, ಎರಡನ್ನೂ ಬೆರೆಸಿಕೊಳ್ಳಬೇಡ.

ಹತ್ತಿರದ ಪಟ್ಟೆಯ ಅಂಚುಗಳಲ್ಲಿ ಬಣ್ಣ ಕಾಣುತ್ತದೆ. ಕೆಂಪಿಗೆ ನೀರಿನ n ಸುಮಾರು 1.331, ನೇರಳೆಗೆ ಸುಮಾರು 1.343. ಮೇಲಿನ ಸೂತ್ರದಲ್ಲಿ i = 70° ಇಟ್ಟು ಎರಡನ್ನೂ ಹಾಕಿದರೆ ಕೆಂಪು 70.5° ಯಲ್ಲಿ, ನೇರಳೆ 73.6° ಯಲ್ಲಿ ಹೊರಬರುತ್ತದೆ. ಮೂರು ಡಿಗ್ರಿ ವ್ಯತ್ಯಾಸ ನೆಲದ ಮೇಲೆ ಚೆನ್ನಾಗಿ ಗೊತ್ತಾಗುತ್ತದೆ. ನೇರಳೆ ಹೆಚ್ಚು ಕಡಿದಾಗಿ ಇಳಿಯುವುದರಿಂದ ತೊಟ್ಟಿಯ ಕಡೆಗಿನ ಅಂಚು ನೀಲಿ ನೇರಳೆ, ಹೊರಗಿನ ಅಂಚು ಕೆಂಪು ಇರಬೇಕು. ನಿನ್ನ ಕಾಗದದ ಮೇಲೆ ಇದು ಉಲ್ಟಾ ಬಂದರೆ ನೀನು ನೋಡುತ್ತಿರುವುದು ಬೇರೆ ದಾರಿಯಲ್ಲಿ ಬಂದ ಬೆಳಕು. ನೀರಿನ ಮೇಲೆ ಒಂದು ರಟ್ಟು ಮುಚ್ಚಿ ಪರೀಕ್ಷಿಸು: ಮೇಲಿನಿಂದ ಬಂದ ಬೆಳಕಿನ ಪಟ್ಟೆ ಮಾತ್ರ ಮಾಯವಾಗುತ್ತದೆ.